ಮಗುವನ್ನು ಶಾಲೆಯಿಂದ ಕರೆದುಕೊಂಡು ಹೋಗಲು ಅಧಿಕಾರ ಪತ್ರ

ಸಾಗರ
ದಿನಾಂಕ: 14-07-2025

ಇವರಿಂದ,
ಸವಿತಾ ಎಂ. ಆರ್. ಮತ್ತು ಸತೀಶ ಎನ್.
(ಅನನ್ಯ ಎಸ್., 3ನೇ ತರಗತಿ ‘ಬಿ’ ವಿಭಾಗ, ಇವಳ ತಾಯಿ–ತಂದೆ)

ಇವರಿಗೆ,
ಮುಖ್ಯ ಶಿಕ್ಷಕಿಯವರು,
ಹೊಂಬೆಳಕು ಹಿರಿಯ ಪ್ರಾಥಮಿಕ ಶಾಲೆ, ಸಾಗರ, ಶಿವಮೊಗ್ಗ ಜಿಲ್ಲೆ

ವಿಷಯ: 21-07-2025ರಿಂದ 30-08-2025ರವರೆಗೆ ನಮ್ಮ ಮಗಳನ್ನು ಶಾಲೆಯಿಂದ ಕರೆದೊಯ್ಯಲು ಮೂವರಿಗೆ ಅಧಿಕಾರ ಕೊಡುವ ಬಗ್ಗೆ, ಮತ್ತು ಅವರ ಗುರುತು ಪರೀಕ್ಷಿಸುವ ಬಗ್ಗೆ.

ಮಾನ್ಯರೇ,

ಅನನ್ಯಳನ್ನು ಒಂದನೇ ತರಗತಿಯಿಂದ ಇಲ್ಲಿಯವರೆಗೆ ದಿನಾ ಕರೆದುಕೊಂಡು ಹೋಗುತ್ತಿದ್ದವರು ಅವಳ ಅಜ್ಜ, ನನ್ನ ಮಾವನವರಾದ ನರಸಿಂಹಮೂರ್ತಿಯವರು. ಇದೇ 22ರಂದು ಶಿವಮೊಗ್ಗದಲ್ಲಿ ಅವರ ಬಲ ಮಂಡಿಗೆ ಶಸ್ತ್ರಚಿಕಿತ್ಸೆ ಇದೆ. ಆರು ವಾರ ಹೊರಗೆ ಓಡಾಡಬಾರದೆಂದು ಡಾಕ್ಟರು ಹೇಳಿದ್ದಾರೆ. ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮಧ್ಯಾಹ್ನದ ಪಾಳಿ ಬಿದ್ದರೆ 2ರಿಂದ ರಾತ್ರಿ 8ರವರೆಗೆ ವಾರ್ಡ್ ಬಿಟ್ಟು ಬರುವಂತಿಲ್ಲ. ಯಜಮಾನರು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದು ಶನಿವಾರ ಸಂಜೆಗೆ ಮಾತ್ರ ಊರಿಗೆ ಬರುತ್ತಾರೆ. ಹಾಗಾಗಿ ಈ ಆರು ವಾರಗಳ ಮಟ್ಟಿಗೆ ಕೆಳಗೆ ಹೆಸರಿಸಿದ ಮೂವರಲ್ಲಿ ಯಾರಾದರೊಬ್ಬರ ಜೊತೆ ಮಗುವನ್ನು ಕಳಿಸಿಕೊಡಲು ನಾವಿಬ್ಬರೂ ಒಪ್ಪಿಗೆ ಕೊಟ್ಟು ಈ ಪತ್ರ ಬರೆಯುತ್ತಿದ್ದೇವೆ.

1. ಪ್ರಶಾಂತ ಎಂ. ಆರ್., ವಯಸ್ಸು 34. ನನ್ನ ತಮ್ಮ, ಮಗುವಿಗೆ ಸೋದರಮಾವ. ಸೋಮವಾರ, ಬುಧವಾರ, ಶುಕ್ರವಾರ ಬರುವವನು ಬಹುತೇಕ ಇವನೇ. ತೋರಿಸುವ ಗುರುತು: ಡ್ರೈವಿಂಗ್ ಲೈಸೆನ್ಸ್, ಕೊನೆಯ ನಾಲ್ಕು ಅಂಕಿ 2871. ಇದರಲ್ಲಿ ಎರಡು ತೊಡಕಿವೆ, ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸಿನಲ್ಲಿ ಭದ್ರಾವತಿಯ ಹಳೆಯ ವಿಳಾಸವಿದೆ, ಈಗ ಅವನಿರುವುದು ಸಾಗರದಲ್ಲೇ. ಫೋಟೊ 2013ರದ್ದು, ಅದರಲ್ಲಿ ಗಡ್ಡವಿಲ್ಲದ ತೆಳ್ಳಗಿನ ಹುಡುಗನಿದ್ದಾನೆ. ಈಗ ತುಂಬು ಗಡ್ಡ, ಕನ್ನಡಕ, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ಹೊಸ ಫೋಟೊ ಲಗತ್ತಿಸಿದ್ದೇನೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕೆಂದು ವಿನಂತಿ.

2. ಜಯಲಕ್ಷ್ಮಮ್ಮ ಕೆ., ವಯಸ್ಸು 58. ನಮ್ಮ ಪಕ್ಕದ ಮನೆಯವರು. ಮಂಗಳವಾರ, ಗುರುವಾರ, ಶನಿವಾರ ಬರುತ್ತಾರೆ. ತೋರಿಸುವ ಗುರುತು: ಆಧಾರ್ ಕಾರ್ಡ್, ಕೊನೆಯ ನಾಲ್ಕು ಅಂಕಿ 6035. ಬೀದಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಪುಟ್ಟಕ್ಕ ಎಂದು. ಅನನ್ಯ ‘ದೊಡ್ಡಮ್ಮ’ ಅನ್ನುತ್ತಾಳೆ, ನಿಜವಾದ ದೊಡ್ಡಮ್ಮ ಅಲ್ಲ. ಮತದಾರರ ಚೀಟಿಯಲ್ಲಿ ಬರೀ ‘ಲಕ್ಷ್ಮಮ್ಮ’ ಎಂದು ಅಚ್ಚಾಗಿದೆ. ಗೇಟಿನಲ್ಲಿ ಗೊಂದಲವಾಗದಿರಲಿ ಎಂದು ಅದನ್ನು ತರಬೇಡಿ, ಆಧಾರ್ ಮಾತ್ರ ತನ್ನಿ ಎಂದು ಹೇಳಿದ್ದೇನೆ. ಅವರು ಕನ್ನಡದಲ್ಲಿ ಸಹಿ ಮಾಡುತ್ತಾರೆ, ಬರೆಯುವುದು ನಿಧಾನ. ದಯವಿಟ್ಟು ಅವಸರಪಡಿಸಬೇಡಿ.

3. ನಾಗೇಶ ಡಿ., ವಯಸ್ಸು 45. ಆಟೊ ಚಾಲಕರು. ತೋರಿಸುವ ಗುರುತು: ಡ್ರೈವಿಂಗ್ ಲೈಸೆನ್ಸ್, ಕೊನೆಯ ನಾಲ್ಕು ಅಂಕಿ 4419. ಇವರಿಗೆ ಕೊಟ್ಟಿರುವ ಅಧಿಕಾರ ಮೇಲಿನ ಇಬ್ಬರಿಗೆ ಕೊಟ್ಟಷ್ಟಿಲ್ಲ. ಮೊದಲಿಬ್ಬರಿಗೂ ಬರಲಾಗದ ದಿನ, ನಾನು ಅಥವಾ ಯಜಮಾನರು ಅದೇ ದಿನ ಶಾಲೆಗೆ ಫೋನ್ ಮಾಡಿ ಹೇಳಿದ್ದರೆ ಮಾತ್ರ ಕಳಿಸಿ. ಒಮ್ಮೊಮ್ಮೆ ಅವರ ಆಟೊವನ್ನು ಅವರ ತಮ್ಮ ಓಡಿಸುತ್ತಾರೆ. ಒಳ್ಳೆಯ ಮನುಷ್ಯರೇ, ಆದರೆ ಅವರ ಹೆಸರು ಈ ಪತ್ರದಲ್ಲಿಲ್ಲ. ಅದೇ ಆಟೊ, ಅದೇ ಹಸಿರು ಟಾಪು ಎಂದು ಮಗು ಓಡಿಹೋಗಿ ಹತ್ತಿ ಕೂರುತ್ತಾಳೆ. ನೋಡಬೇಕಾದದ್ದು ಆಟೊವನ್ನಲ್ಲ, ಓಡಿಸುವವರನ್ನು.

ಗುರುತು ಪರೀಕ್ಷೆಯ ಬಗ್ಗೆ ನಮ್ಮ ಕೋರಿಕೆ ಹೀಗಿದೆ. ಬಂದವರು ಮೊದಲು ಹೆಲ್ಮೆಟ್, ರೇನ್‌ಕೋಟಿನ ಟೋಪಿ, ಮಾಸ್ಕ್ ತೆಗೆಯಲಿ. ನಮ್ಮೂರಿನ ಜುಲೈ ಮಳೆಯಲ್ಲಿ ಗೇಟಿನ ಮುಂದೆ ನಿಂತವರೆಲ್ಲ ಒಂದೇ ಥರ ಕಾಣುತ್ತಾರೆ. ಆಮೇಲೆ ಮೂಲ ಕಾರ್ಡನ್ನೇ ಕೈಯಲ್ಲಿ ಹಿಡಿದು ಹೆಸರು, ಮುಖ, ಕೊನೆಯ ನಾಲ್ಕು ಅಂಕಿ ಈ ಪತ್ರದ ಜೊತೆ ಹೊಂದುತ್ತವೆಯೇ ನೋಡಿ. ಮೊಬೈಲಿನಲ್ಲಿರುವ ಕಾರ್ಡಿನ ಫೋಟೊ ಸಾಲದು. ಪ್ರಶಾಂತ ಡಿಜಿಲಾಕರ್ ಆ್ಯಪನ್ನು ನಿಮ್ಮೆದುರೇ ತೆರೆದು ಲೈಸೆನ್ಸ್ ತೋರಿಸಿದರೆ ಅದಕ್ಕೆ ನಮ್ಮ ಒಪ್ಪಿಗೆಯಿದೆ. ಕಾರ್ಡ್ ಮರೆತು ಬಂದಿದ್ದರೆ, ನೀವು ಅವರನ್ನು ಹತ್ತು ಸಲ ನೋಡಿದ್ದರೂ, ಮಗುವನ್ನು ಕಳಿಸಬೇಡಿ. ಮನೆಗೆ ಹೋಗಿ ತರಲಿ.

ಕಾರ್ಡ್ ಸರಿಯಿದ್ದರೆ ತರಗತಿ ಶಿಕ್ಷಕಿಯವರು ಗುಟ್ಟಿನ ಮಾತು ಕೇಳಲಿ. ಅದೊಂದು ಪದ. ಈ ಪತ್ರದ ಪ್ರತಿ ಗೇಟಿನಲ್ಲೂ ಇರುವುದರಿಂದ ಅದನ್ನು ಇಲ್ಲಿ ಬರೆದಿಲ್ಲ, ಬೇರೆ ಲಕೋಟೆಯಲ್ಲಿ ಮುಚ್ಚಿ ಶಿಕ್ಷಕಿಯವರ ಕೈಗೇ ಕೊಟ್ಟಿದ್ದೇನೆ. ಮೂವರಿಗೂ ಗೊತ್ತು, ಅನನ್ಯಳಿಗೂ ಗೊತ್ತು. ಹೇಳಬೇಕಾದವರು ಬಂದವರೇ. ಮೊದಲ ಅಕ್ಷರವನ್ನೂ ಸುಳುಹಾಗಿ ಕೊಡಬೇಡಿ. ತಪ್ಪು ಹೇಳಿದರೆ ನನಗೆ ಫೋನ್ ಮಾಡಿ. ಪದ ಯಾರ ಕಿವಿಗಾದರೂ ಬಿದ್ದಿದೆ ಎನಿಸಿದರೆ ತಿಳಿಸಿ, ಮರುದಿನವೇ ಬದಲಾಯಿಸಿ ಕೊಡುತ್ತೇನೆ.

ಇನ್ನೊಂದು ಮಾತು. “ಇವರು ಯಾರು ಗೊತ್ತಾ ಪುಟ್ಟಿ?” ಎಂದು ಮಗುವನ್ನು ಕೇಳಿ ತೀರ್ಮಾನಿಸಬೇಡಿ. ಅನನ್ಯಳಿಗೆ ಗಂಡಸರೆಲ್ಲ ಮಾವ, ಹೆಂಗಸರೆಲ್ಲ ಅತ್ತೆ. ಸಂತೆಯಲ್ಲಿ ಸೌತೆಕಾಯಿ ಮಾರುವವರನ್ನೂ ಮಾವ ಅಂದವಳು. ಆದರೆ ಅವಳು ಹೋಗುವುದಿಲ್ಲ ಎಂದು ಹಿಂಜರಿದರೆ ಅಥವಾ ಅತ್ತರೆ, ಬಂದವರ ಕಾಗದವೆಲ್ಲ ಸರಿಯಿದ್ದರೂ ನಿಲ್ಲಿಸಿಕೊಂಡು ನಮ್ಮನ್ನು ಕೇಳಿ.

ಕೊನೆಗೆ ರಿಜಿಸ್ಟರಿನಲ್ಲಿ ದಿನಾಂಕ, ಹೊರಟ ಸಮಯ, ಕರೆದೊಯ್ದವರ ಪೂರ್ತಿ ಹೆಸರು, ಅವರ ಸಹಿ, ಒಪ್ಪಿಸಿದ ಶಿಕ್ಷಕಿಯವರ ಸಹಿ ಇರಲಿ. ಮಾದರಿ ಸಹಿಗಳು ಲಗತ್ತಿನಲ್ಲಿವೆ.

ಈ ಮೂವರು ಮತ್ತು ತಾಯಿ–ತಂದೆ ಬಿಟ್ಟು ಬೇರೆ ಯಾರ ಜೊತೆಗೂ, ನೆಂಟರೇ ಆಗಿರಲಿ, ಕಳಿಸಬೇಡಿ. ಕಳೆದ ಡಿಸೆಂಬರಿನಲ್ಲಿ ನನ್ನ ಮೈದುನ ಊರಿಂದ ಬಂದವನು ಮಗುವಿಗೆ ಖುಷಿಯಾಗಲಿ ಎಂದು ಹೇಳದೆ ಕೇಳದೆ ಶಾಲೆಗೆ ಬಂದಿದ್ದ. ಅವಳು “ಚಿಕ್ಕಪ್ಪಾ” ಎಂದು ಕೂಗುತ್ತಾ ಬಂದರೂ ನಿಮ್ಮ ವಾಚ್‌ಮನ್ ಗೇಟು ತೆಗೆಯಲಿಲ್ಲ, ನನಗೆ ಫೋನ್ ಬಂದ ಮೇಲೇ ಬಿಟ್ಟರು. ಮೈದುನ ಎರಡು ದಿನ ಮುಖ ಊದಿಸಿಕೊಂಡಿದ್ದ. ವಾಚ್‌ಮನ್ ಮಾಡಿದ್ದೇ ಸರಿ, ಇನ್ನು ಮುಂದೆಯೂ ಹಾಗೇ ಮಾಡಲಿ. ನಮ್ಮ ಕಡೆಯವರು ಯಾರಾದರೂ ಕೋಪಿಸಿಕೊಂಡರೆ ಅದನ್ನು ನಾವು ನೋಡಿಕೊಳ್ಳುತ್ತೇವೆ.

“ಸವಿತಾ ಅವರೇ ಕಳಿಸಿದ್ದು, ಬೇಕಾದರೆ ಮಾತಾಡಿ” ಎಂದು ಯಾರಾದರೂ ತಮ್ಮ ಫೋನನ್ನೇ ಮುಂದೆ ಹಿಡಿದರೆ ಅದರಲ್ಲಿ ಮಾತಾಡಬೇಡಿ. ದಾಖಲಾತಿ ರಿಜಿಸ್ಟರಿನಲ್ಲಿರುವ ನಂಬರಿಗೆ ಶಾಲೆಯ ಫೋನಿನಿಂದ ಮಾಡಿ: ಮೊದಲು ನನಗೆ, ನಾನು ಎತ್ತದಿದ್ದರೆ ವಾರ್ಡಿನ ನಂಬರಿಗೆ, ಆಮೇಲೆ ಯಜಮಾನರಿಗೆ. ವಾಟ್ಸ್ಆ್ಯಪ್ ಸಂದೇಶವನ್ನು, ನನ್ನ ನಂಬರಿನಿಂದಲೇ ಬಂದಿದ್ದರೂ, ಒಪ್ಪಿಗೆ ಎಂದುಕೊಳ್ಳಬೇಡಿ. ಹೊಸಬರನ್ನು ಕಳಿಸಲೇಬೇಕಾದ ಪರಿಸ್ಥಿತಿ ಬಂದರೆ ನಾನೇ ಫೋನ್ ಮಾಡುತ್ತೇನೆ. ನೀವು ಕರೆ ಕಡಿದು ತಿರುಗಿ ನನ್ನ ನಂಬರಿಗೆ ಮಾಡಿ, ಗುಟ್ಟಿನ ಮಾತು ಕೇಳಿ, ಬರುವವರ ಹೆಸರನ್ನೂ ಅವರು ತರುವ ಕಾರ್ಡಿನ ಕೊನೆಯ ನಾಲ್ಕು ಅಂಕಿಯನ್ನೂ ಬರೆದುಕೊಳ್ಳಿ.

ಮಳೆ ರಜೆಯದೇ ದೊಡ್ಡ ತಲೆನೋವು. ಮಧ್ಯಾಹ್ನ ಹನ್ನೆರಡಕ್ಕೆ ಶಾಲೆ ಬಿಟ್ಟರೆ ಪ್ರಶಾಂತ ಅಂಗಡಿ ಮುಚ್ಚಿ ಬರಲು ಮುಕ್ಕಾಲು ಗಂಟೆ ಬೇಕು. ಅಲ್ಲಿಯವರೆಗೆ ಮಗು ಶಾಲೆಯೊಳಗೇ ಇರಲಿ, ಗೇಟಿನ ಹೊರಗೆ ಅಥವಾ ಪಕ್ಕದ ಬೇಕರಿಯಲ್ಲಿ ಕಾಯುವುದು ಬೇಡ. ಗೆಳತಿಯ ಮನೆಯವರು “ನಮ್ಮ ಕಾರಿನಲ್ಲೇ ಬಿಡುತ್ತೇವೆ” ಅಂದರೂ ಬೇಡ. ಆಗಸ್ಟ್ 15ರಂದು ಧ್ವಜಾರೋಹಣ ಮುಗಿದ ಮೇಲೂ ಇದೇ ಕ್ರಮ ಇರಲಿ, ಆ ದಿನ ಗೇಟಿನಲ್ಲಿ ಜನ ಜಾಸ್ತಿ. ಮಾಮೂಲಿ ದಿನಗಳಲ್ಲಿ ಶಾಲೆ ಬಿಟ್ಟು ಅರ್ಧ ಗಂಟೆಯಾದರೂ ಯಾರೂ ಬರದಿದ್ದರೆ ಫೋನ್ ಮಾಡಿ. ಯಾರಾದರೂ ಬಲವಂತ ಮಾಡಿದರೆ, ಸುಳ್ಳು ಕಾರ್ಡ್ ತಂದಿದ್ದಾರೆ ಎನಿಸಿದರೆ, ನಮಗಾಗಿ ಕಾಯದೆ 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಕರೆದೊಯ್ಯಲು ಬಂದವರು ಕುಡಿದಂತೆ ಕಂಡರೆ ಕಳಿಸಬೇಡಿ. ಈ ಮಾತು ನನ್ನ ತಮ್ಮನಿಗೂ, ನಮ್ಮಿಬ್ಬರಿಗೂ ಅನ್ವಯಿಸುತ್ತದೆ.

ಈ ಪತ್ರದಿಂದ ಅವರಿಗೆ ಸಿಗುವುದು ಮಗುವನ್ನು ಮನೆಗೆ ಕರೆತರುವ ಅಧಿಕಾರ ಮಾತ್ರ. ಅಂಕಪಟ್ಟಿಗೆ, ಪ್ರವಾಸದ ಒಪ್ಪಿಗೆಗೆ, ಟಿ.ಸಿ.ಗೆ ಅವರ ಸಹಿ ಪಡೆಯಬೇಡಿ. ಶಾಲೆಯಲ್ಲಿ ಜ್ವರ ಬಂದರೆ ಮೊದಲಿಬ್ಬರಲ್ಲಿ ಒಬ್ಬರು ಮಧ್ಯದಲ್ಲೇ ಕರೆದೊಯ್ಯಬಹುದು, ಆದರೆ ನಮಗೆ ತಿಳಿಸಿದ ಮೇಲೆ. ಮೇಲಿನಂತೆ ಗುರುತು ನೋಡಿ, ಸಹಿ ಪಡೆದು ಮಗುವನ್ನು ಒಪ್ಪಿಸಿದ ನಂತರದ ಜವಾಬ್ದಾರಿ ನಮ್ಮದು.

ಲಗತ್ತಿಸಿದ ಆಧಾರ್ ಪ್ರತಿಯಲ್ಲಿ ಮೊದಲ ಎಂಟು ಅಂಕಿಗಳು ಮರೆಯಾಗಿವೆ. ಎಲ್ಲ ಪ್ರತಿಗಳ ಮೇಲೂ ‘ಮಗುವನ್ನು ಕರೆದೊಯ್ಯುವ ಉದ್ದೇಶಕ್ಕೆ ಮಾತ್ರ’ ಎಂದು ಅಡ್ಡಲಾಗಿ ಬರೆದಿದ್ದೇವೆ. ಅವುಗಳ ಫೋಟೊ ತೆಗೆದು ಶಾಲೆಯ ಗುಂಪುಗಳಿಗೆ ಹಾಕದಿರಲು ಕೋರಿಕೆ. ಆಗಸ್ಟ್ 30ಕ್ಕೆ ಈ ಅಧಿಕಾರ ತಾನಾಗಿ ಮುಗಿಯುತ್ತದೆ. ಪ್ರತಿಗಳನ್ನು ಆಮೇಲೆ ನಾನೇ ಬಂದು ವಾಪಸ್ ಪಡೆಯುತ್ತೇನೆ. ನಡುವೆ ಯಾರ ಹೆಸರನ್ನಾದರೂ ತೆಗೆಯಬೇಕಾದರೆ ಫೋನಿನಲ್ಲಿ ಹೇಳಿ, ಮರುದಿನ ಬರೆದೂ ಕೊಡುತ್ತೇವೆ. ಫೋನ್ ಬಂದ ಗಳಿಗೆಯಿಂದಲೇ ಅವರನ್ನು ತಡೆಯಿರಿ.

ಮಾವನವರ ಹೆಸರನ್ನೂ ಈ ಆರು ವಾರ ಪಟ್ಟಿಯಿಂದ ತೆಗೆದಿಡಿ. ಅವರ ಹಠ ನನಗೆ ಗೊತ್ತು, ಮೂರನೇ ವಾರಕ್ಕೇ ಊರುಗೋಲು ಹಿಡಿದು ಗೇಟಿನಲ್ಲಿ ಪ್ರತ್ಯಕ್ಷರಾದರೂ ಆದಾರು. ಬಂದರೆ ಕುರ್ಚಿ ಹಾಕಿ ಕೂರಿಸಿ, ನನಗೊಂದು ಫೋನ್ ಮಾಡಿ.

ಇಂತಿ ತಮ್ಮ ವಿಶ್ವಾಸಿಗಳು,

(ಸಹಿ) ಸವಿತಾ ಎಂ. ಆರ್., ತಾಯಿ
(ಸಹಿ) ಸತೀಶ ಎನ್., ತಂದೆ

ಮೇಲಿನ ನಿಬಂಧನೆಗಳನ್ನು ಓದಿ ಒಪ್ಪಿದ್ದೇವೆ. ಪ್ರತಿ ಸಲವೂ ಮೂಲ ಗುರುತಿನ ಚೀಟಿ ತರುತ್ತೇವೆ, ಮಗುವನ್ನು ದಾರಿಯಲ್ಲಿ ಬೇರೆಯವರ ಕೈಗೆ ಕೊಡದೆ ನೇರ ಮನೆಗೆ ತಲುಪಿಸುತ್ತೇವೆ.

(ಸಹಿ) ಪ್ರಶಾಂತ ಎಂ. ಆರ್.
(ಸಹಿ) ಜಯಲಕ್ಷ್ಮಮ್ಮ ಕೆ. (ಪತ್ರವನ್ನು ಸವಿತಾ ಓದಿ ಹೇಳಿದ್ದಾರೆ)
(ಸಹಿ) ನಾಗೇಶ ಡಿ.

ಲಗತ್ತುಗಳು: ಮೂವರ ಗುರುತಿನ ಚೀಟಿಯ ಪ್ರತಿ, ಈ ತಿಂಗಳು ತೆಗೆಸಿದ ಫೋಟೊ ಮತ್ತು ಮಾದರಿ ಸಹಿ; ತಾಯಿ–ತಂದೆಯ ಗುರುತಿನ ಚೀಟಿಯ ಪ್ರತಿ.

ಪ್ರತಿ: ತರಗತಿ ಶಿಕ್ಷಕಿಯವರಿಗೆ, 3ನೇ ‘ಬಿ’ (ಗುಟ್ಟಿನ ಮಾತಿನ ಲಕೋಟೆ ಸಹಿತ), ಗೇಟಿನ ವಾಚ್‌ಮನ್ ಅವರಿಗೆ (ಪತ್ರ ಮತ್ತು ಫೋಟೊ ಮಾತ್ರ).