16ನೆಯ ಶತಮಾನದ ಮತಸುಧಾರಣೆ: ಕಾರಣಗಳ ವಿಮರ್ಶೆ

ಪ್ರಶ್ನೆ: 16ನೆಯ ಶತಮಾನದಲ್ಲಿ ಪಶ್ಚಿಮ ಕ್ರೈಸ್ತ ಜಗತ್ತಿನಲ್ಲಿ ನಡೆದ ಮತಸುಧಾರಣೆಯ ರಾಜಕೀಯ, ಆರ್ಥಿಕ ಮತ್ತು ದೈವಶಾಸ್ತ್ರೀಯ ಕಾರಣಗಳನ್ನು ವಿಮರ್ಶಿಸಿ. (20 ಅಂಕಗಳು)

ಉತ್ತರ:

ಪೀಠಿಕೆ

1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಅಗಸ್ಟೀನಿಯನ್ ಪಂಥದ ಸನ್ಯಾಸಿಯೂ ಆಗಿದ್ದ ಮಾರ್ಟಿನ್ ಲೂಥರ್, ಪಾಪಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸುವ 95 ವಾದಾಂಶಗಳನ್ನು ಮೈನ್ಸ್ ನಗರದ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ನಿಗೆ ಪತ್ರದೊಂದಿಗೆ ಕಳುಹಿಸಿದನು. ಅವುಗಳನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದ ಪ್ರಸಂಗವೇ ಹೆಚ್ಚು ಪ್ರಸಿದ್ಧವಾಗಿದ್ದರೂ, ಕಾರಣಗಳನ್ನು ಹುಡುಕುವವರು ಗಮನಿಸಬೇಕಾದುದು ಆ ಪತ್ರದ ವಿಳಾಸವನ್ನು. ಆಲ್ಬ್ರೆಕ್ಟ್ ಏಕಕಾಲಕ್ಕೆ ಧರ್ಮಾಧಿಕಾರಿ, ಸಾಲಗಾರ ಮತ್ತು ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯನ್ನು ಆರಿಸುವ ಏಳು ಮಂದಿ ಮತದಾರರಲ್ಲಿ ಒಬ್ಬನಾಗಿದ್ದನು. ಪ್ರಶ್ನೆಯಲ್ಲಿ ಬೇರೆಬೇರೆಯಾಗಿ ಹೇಳಿರುವ ಮೂರು ಬಗೆಯ ಕಾರಣಗಳು ಅವನೊಬ್ಬನಲ್ಲೇ ಕೂಡಿದ್ದವು. ಹಣದ ವ್ಯವಹಾರ ಜನರ ಅಸಮಾಧಾನವನ್ನು ಬೆಳೆಸಿತು, ದೈವಶಾಸ್ತ್ರ ಅದಕ್ಕೆ ಅರ್ಥವನ್ನು ಕೊಟ್ಟಿತು, ಅದು ಉಳಿಯಬೇಕೋ ಅಳಿಯಬೇಕೋ ಎಂಬುದನ್ನು ರಾಜಕೀಯ ನಿರ್ಧರಿಸಿತು ಎಂಬುದು ಈ ಉತ್ತರದ ವಾದ. ಆದ್ದರಿಂದ ಪ್ರಶ್ನೆಯ ಕ್ರಮವನ್ನು ಬದಲಿಸಿ ರಾಜಕೀಯವನ್ನು ಕೊನೆಗೆ ಇರಿಸಲಾಗಿದೆ.

ಆರ್ಥಿಕ ಕಾರಣಗಳು

ಬೆಳೆಯ ದಶಾಂಶ, ಹೊಸದಾಗಿ ನೇಮಕಗೊಂಡ ಬಿಷಪ್ಪರು ಸಲ್ಲಿಸಬೇಕಾದ ಮೊದಲ ವರ್ಷದ ಆದಾಯ, ವಿಧಿವಿಧಾನಗಳ ಶುಲ್ಕ, ವಿನಾಯಿತಿಗಳಿಗೆ ತೆರಬೇಕಾದ ಹಣ ಇವೆಲ್ಲವೂ ಚರ್ಚಿನ ಆದಾಯದ ಮೂಲಗಳಾಗಿದ್ದವು. ಜರ್ಮನಿಯ ಹಣ ಆಲ್ಪ್ಸ್ ದಾಟಿ ರೋಮಿಗೆ ಹರಿದುಹೋಗುತ್ತಿದೆ ಎಂಬ ದೂರನ್ನು ಜರ್ಮನ್ ಪ್ರತಿನಿಧಿಗಳು 15ನೆಯ ಶತಮಾನದಿಂದಲೇ ಸಾಮ್ರಾಜ್ಯದ ಸಭೆಗಳಲ್ಲಿ ಪಟ್ಟಿಮಾಡಿ ಓದುತ್ತಿದ್ದರು.

ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಆಲ್ಬ್ರೆಕ್ಟ್‌ನ ವ್ಯವಹಾರಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಆಗಿದ್ದ ಅವನು 1514ರಲ್ಲಿ ಮೈನ್ಸ್ ಪೀಠಕ್ಕೂ ಆಯ್ಕೆಯಾದನು. ಒಬ್ಬನೇ ಹಲವು ಪೀಠಗಳನ್ನು ಹೊಂದುವುದು ಚರ್ಚಿನ ಕಾನೂನಿಗೆ ವಿರುದ್ಧವಾಗಿತ್ತು. ಅವನ ವಯಸ್ಸೂ ನಿಯಮಕ್ಕೆ ಸಾಲುತ್ತಿರಲಿಲ್ಲ. ಈ ಎರಡು ದೋಷಗಳನ್ನು ಮನ್ನಿಸಲು ರೋಮ್ ಕೇಳಿದ ಮೊತ್ತಕ್ಕಾಗಿ ಆಲ್ಬ್ರೆಕ್ಟ್ ಔಗ್ಸ್‌ಬರ್ಗಿನ ಫುಗರ್ ಮನೆತನದ ಲೇವಾದೇವಿ ಸಂಸ್ಥೆಯಿಂದ ಸಾಲ ಪಡೆದನು. ಸಾಲ ತೀರಿಸುವ ದಾರಿಯನ್ನು ಪೋಪ್ ಹತ್ತನೆಯ ಲಿಯೋ ತೋರಿಸಿದನು: ಕ್ಷಮಾಪತ್ರಗಳ ಮಾರಾಟದಿಂದ ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೀಟರ್ ದೇವಾಲಯದ ನಿರ್ಮಾಣಕ್ಕೆ, ಉಳಿದರ್ಧ ಫುಗರ್ ಸಾಲಕ್ಕೆ. ಯೋಹಾನ್ ಟೆಟ್ಸೆಲ್ ಎಂಬ ಡೊಮಿನಿಕನ್ ಪ್ರಚಾರಕ ಊರೂರು ತಿರುಗಿ ಪತ್ರಗಳನ್ನು ಮಾರುತ್ತಿದ್ದರೆ, ಲೆಕ್ಕ ನೋಡಿಕೊಳ್ಳಲು ಫುಗರ್ ಸಂಸ್ಥೆಯ ಗುಮಾಸ್ತರು ಅವನ ಜೊತೆಗಿರುತ್ತಿದ್ದರು. ಸತ್ತ ತಂದೆತಾಯಿಯ ಆತ್ಮ ಬಿಡುಗಡೆಯಾಗಲಿ ಎಂದು ಪೆಟ್ಟಿಗೆಗೆ ನಾಣ್ಯ ಹಾಕಿದ ರೈತನಿಗೆ ಆ ನಾಣ್ಯದ ಅರ್ಧಭಾಗ ಬಡ್ಡಿವ್ಯಾಪಾರಿಯ ಕೈಸೇರುತ್ತದೆ ಎಂಬುದು ತಿಳಿದಿರಲಿಲ್ಲ. ಲೂಥರನಿಗೂ ಆಗ ಈ ಒಳ ಒಪ್ಪಂದದ ಅರಿವಿರಲಿಲ್ಲ. ಆದರೂ ಅಪಾರ ಐಶ್ವರ್ಯವುಳ್ಳ ಪೋಪ್ ಬಡ ಭಕ್ತರ ಹಣದ ಬದಲು ತನ್ನ ಹಣದಿಂದಲೇ ದೇವಾಲಯವನ್ನು ಏಕೆ ಕಟ್ಟಿಸಬಾರದು ಎಂಬ ಪ್ರಶ್ನೆ ಅವನ 86ನೆಯ ವಾದಾಂಶದಲ್ಲಿದೆ.

ಚರ್ಚಿನ ಅಪಾರ ಭೂಮಿಯ ಮೇಲೆ ಅರಸರಿಗಿದ್ದ ಆಸೆಯನ್ನೂ ಇಲ್ಲಿ ಹೇಳಬೇಕು. ಸ್ವೀಡನ್ನಿನ ಗುಸ್ತಾವ್ ವಾಸಾ 1527ರಲ್ಲಿ ಚರ್ಚಿನ ಆಸ್ತಿಯನ್ನು ರಾಜ್ಯದ ಅಧೀನಕ್ಕೆ ತರುವ ಕ್ರಮ ಕೈಗೊಂಡನು. ಇಂಗ್ಲೆಂಡಿನಲ್ಲಿ 1536ರಿಂದ 1540ರೊಳಗೆ ಮಠಗಳನ್ನು ಮುಚ್ಚಲಾಯಿತು.

ದೈವಶಾಸ್ತ್ರೀಯ ಕಾರಣಗಳು

ಪಾದ್ರಿಗಳ ಭ್ರಷ್ಟತೆಯೇ ಮತಸುಧಾರಣೆಗೆ ಕಾರಣ ಎಂದು ಬರೆದು ಮುಗಿಸುವುದು ಸುಲಭ, ಆದರೆ ಅದು ಸಾಲದು. ಅದೇ ಭ್ರಷ್ಟತೆಯನ್ನು ಮಾನವತಾವಾದಿ ವಿದ್ವಾಂಸ ಎರಾಸ್ಮಸ್ ಕಟುವಾಗಿ ಖಂಡಿಸಿದನು. ಆದರೂ ಅವನು ಸಾಯುವವರೆಗೂ ರೋಮಿನ ಚರ್ಚಿನಲ್ಲೇ ಉಳಿದನು. ಲೂಥರ್ ಪ್ರಶ್ನಿಸಿದ್ದು ನಡತೆಯನ್ನಷ್ಟೇ ಅಲ್ಲ, ಬೋಧನೆಯನ್ನು.

ಪಾಪಕ್ಕೆ ಕ್ಷಮೆ ದೊರೆತ ಮೇಲೂ ಅದರ ದಂಡನೆಯ ಒಂದು ಭಾಗ ಉಳಿಯುತ್ತದೆ, ಅದನ್ನು ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ತೀರಿಸಬೇಕು, ಕ್ರಿಸ್ತನ ಮತ್ತು ಸಂತರ ಪುಣ್ಯದ ಭಂಡಾರದಿಂದ ಅದನ್ನು ಕಡಿಮೆ ಮಾಡುವ ಅಧಿಕಾರ ಪೋಪನಿಗಿದೆ ಎಂಬುದು ಮಧ್ಯಯುಗದ ಬೋಧನೆಯಾಗಿತ್ತು. 1476ರಲ್ಲಿ ನಾಲ್ಕನೆಯ ಸಿಕ್ಸ್ಟಸ್ ಈ ಪ್ರಯೋಜನವನ್ನು ಸತ್ತವರ ಆತ್ಮಗಳಿಗೂ ವಿಸ್ತರಿಸಿದನು. ಮಠದಲ್ಲಿ ಉಪವಾಸ, ಜಾಗರಣೆ, ಪಾಪನಿವೇದನೆಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದರೂ ಲೂಥರನ ಮನಸ್ಸಿಗೆ ನೆಮ್ಮದಿ ಸಿಕ್ಕಿರಲಿಲ್ಲ. ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯನ್ನು ಅಧ್ಯಯನ ಮಾಡುತ್ತ, ಮನುಷ್ಯನು ತನ್ನ ಸತ್ಕಾರ್ಯಗಳಿಂದಲ್ಲ, ದೇವರ ಕೃಪೆಯಲ್ಲಿ ಇಟ್ಟ ನಂಬಿಕೆಯಿಂದಲೇ ನೀತಿವಂತನೆನಿಸುತ್ತಾನೆ ಎಂಬ ನಿರ್ಣಯಕ್ಕೆ ಅವನು ಬಂದನು. ಇದನ್ನು ಒಪ್ಪಿದರೆ ಕ್ಷಮಾಪತ್ರ ಮಾತ್ರವಲ್ಲ, ದೇವರಿಗೂ ಭಕ್ತನಿಗೂ ನಡುವೆ ನಿಂತ ಪಾದ್ರಿಯ ಅಧಿಕಾರವೇ ಬುಡ ಕಳೆದುಕೊಳ್ಳುತ್ತದೆ. 1520ರ ಬರಹಗಳಲ್ಲಿ ಅವನು ಎಲ್ಲ ವಿಶ್ವಾಸಿಗಳೂ ಯಾಜಕರೇ ಎಂದು ಸಾರಿದನು ಮತ್ತು ಏಳು ಸಂಸ್ಕಾರಗಳ ಪೈಕಿ ಬಹುಪಾಲಿಗೆ ಶಾಸ್ತ್ರಾಧಾರವಿಲ್ಲವೆಂದು ತಳ್ಳಿಹಾಕಿದನು.

ಮಾನವತಾವಾದಿಗಳ ಭಾಷಾ ಪಾಂಡಿತ್ಯವಿಲ್ಲದೆ ಈ ವಾದ ಇಷ್ಟು ಬಲ ಪಡೆಯುತ್ತಿರಲಿಲ್ಲ. ಎರಾಸ್ಮಸ್ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಮುದ್ರಿಸಿದಾಗ ಹಳೆಯ ಲ್ಯಾಟಿನ್ ಅನುವಾದದ ದೋಷಗಳು ಕಣ್ಣಿಗೆ ಬಿದ್ದವು. ಲ್ಯಾಟಿನ್ನಿನಲ್ಲಿ ‘ಪ್ರಾಯಶ್ಚಿತ್ತ ಮಾಡಿರಿ’ ಎಂದು ಅರ್ಥೈಸಲಾಗುತ್ತಿದ್ದ ಮಾತು ಗ್ರೀಕಿನಲ್ಲಿ ಮನಸ್ಸಿನ ಪರಿವರ್ತನೆಯನ್ನು ಸೂಚಿಸುತ್ತಿತ್ತು. ಕನ್ನಡ ಕ್ರೈಸ್ತರು ಬಳಸುವ ‘ಮಾನಸಾಂತರ’ ಎಂಬ ಪದ ಆ ಗ್ರೀಕ್ ಅರ್ಥಕ್ಕೆ ಎಷ್ಟು ಹತ್ತಿರವಾಗಿದೆ ಎಂಬುದನ್ನು ನೆನೆದರೆ ವ್ಯತ್ಯಾಸ ತಾನಾಗಿ ಹೊಳೆಯುತ್ತದೆ. ಲೂಥರನ ಮೊದಲ ವಾದಾಂಶವೇ ಇದು: ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕೆಂಬುದು ಕ್ರಿಸ್ತನ ಇಚ್ಛೆ. ಮುದ್ರಣಯಂತ್ರ ಇಂತಹ ಮಾತುಗಳನ್ನು ಕೆಲವೇ ವಾರಗಳಲ್ಲಿ ಜರ್ಮನಿಯ ನಗರಗಳಿಗೆ ಮುಟ್ಟಿಸಿತು.

ರಾಜಕೀಯ ಕಾರಣಗಳು

ಪೋಪನ ಘನತೆ ಮೊದಲೇ ಕುಗ್ಗಿತ್ತು. 1309ರಿಂದ 1377ರವರೆಗೆ ಪೋಪರು ಆವಿನ್ಯೋನಿನಲ್ಲಿ ಫ್ರಾನ್ಸಿನ ನೆರಳಿನಲ್ಲಿದ್ದರು. 1378ರಿಂದ 1417ರವರೆಗೆ ಇಬ್ಬರು, ಒಂದು ಹಂತದಲ್ಲಿ ಮೂವರು ತಾವೇ ನಿಜವಾದ ಪೋಪ್ ಎಂದು ಹಕ್ಕು ಸಾಧಿಸುತ್ತಿದ್ದರು. ಫ್ರಾನ್ಸಿನ ದೊರೆ 1516ರ ಬೊಲೊನಾ ಒಪ್ಪಂದದ ಮೂಲಕ ಬಿಷಪ್ಪರನ್ನು ನೇಮಿಸುವ ಹಕ್ಕನ್ನು ಪಡೆದಿದ್ದನು; ಸ್ಪೇನಿನ ಅರಸರಿಗೂ ಅಂತಹ ಹಿಡಿತವಿತ್ತು. ರೋಮಿನೊಂದಿಗೆ ಸಂಬಂಧ ಕಡಿದುಕೊಳ್ಳುವ ಅಗತ್ಯ ಅವರಿಗೆ ಬೀಳಲಿಲ್ಲ. ನೂರಾರು ಸಂಸ್ಥಾನಗಳಾಗಿ, ಸ್ವತಂತ್ರ ನಗರಗಳಾಗಿ ಹರಿದುಹಂಚಿಹೋಗಿದ್ದ ಜರ್ಮನಿಯ ಪರವಾಗಿ ಪೋಪನೊಂದಿಗೆ ಚೌಕಾಸಿ ಮಾಡುವ ಪ್ರಬಲ ದೊರೆಯೇ ಇರಲಿಲ್ಲ.

ಇಂಗ್ಲೆಂಡಿನ ಕಥೆ ಬೇರೆ. 1521ರಲ್ಲಿ ಲೂಥರನನ್ನು ಖಂಡಿಸಿ ಬರೆದು ಪೋಪನಿಂದ ಬಿರುದು ಪಡೆದ ಎಂಟನೆಯ ಹೆನ್ರಿಯೇ, ರಾಣಿ ಕ್ಯಾಥರೀನಳೊಂದಿಗಿನ ವಿವಾಹವನ್ನು ರದ್ದುಪಡಿಸಲು ರೋಮ್ ಒಪ್ಪದಿದ್ದಾಗ, 1534ರ ಶಾಸನದ ಮೂಲಕ ತಾನೇ ಚರ್ಚಿನ ಮುಖ್ಯಸ್ಥನೆನಿಸಿಕೊಂಡನು. ಅಲ್ಲಿ ರಾಜಕೀಯ ಮುಂದೆ ನಡೆಯಿತು, ದೈವಶಾಸ್ತ್ರ ನಿಧಾನವಾಗಿ ಹಿಂಬಾಲಿಸಿತು.

ರಾಜಕೀಯದ ನಿರ್ಣಾಯಕ ಪಾತ್ರವನ್ನು ಅರಿಯಲು ಯಾನ್ ಹುಸ್ ಮತ್ತು ಲೂಥರ್ ಇಬ್ಬರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಚರ್ಚನ್ನು ಟೀಕಿಸಿದ ಬೊಹೀಮಿಯಾದ ಧರ್ಮಬೋಧಕ ಹುಸ್, ರಾಜನ ರಕ್ಷಣಾಪತ್ರವನ್ನು ನಂಬಿ ಕಾನ್‌ಸ್ಟನ್ಸ್ ಧರ್ಮಸಭೆಗೆ ಬಂದನು. 1415ರಲ್ಲಿ ಅವನನ್ನು ಜೀವಂತವಾಗಿ ಸುಡಲಾಯಿತು. ಲೂಥರನೂ 1521ರಲ್ಲಿ ಅಂತಹದೇ ರಕ್ಷಣಾಪತ್ರದೊಂದಿಗೆ ವರ್ಮ್ಸ್ ಸಭೆಯ ಮುಂದೆ ನಿಂತನು, ತನ್ನ ಬರಹಗಳನ್ನು ಹಿಂತೆಗೆದುಕೊಳ್ಳಲು ನಿರಾಕರಿಸಿದನು, ಚಕ್ರವರ್ತಿ ಐದನೆಯ ಚಾರ್ಲ್ಸ್ ಅವನನ್ನು ಕಾನೂನುಬಾಹಿರನೆಂದು ಘೋಷಿಸಿದನು. ಆದರೆ ಸ್ಯಾಕ್ಸನಿಯ ಮತದಾರ ಅರಸ ಫ್ರೆಡ್ರಿಕ್ ಅವನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟನು. ಈ ಫ್ರೆಡ್ರಿಕ್ ಸ್ವತಃ ಸಂತರ ಪವಿತ್ರ ಅವಶೇಷಗಳನ್ನು ಭಕ್ತಿಯಿಂದ ಸಾವಿರಗಟ್ಟಲೆ ಸಂಗ್ರಹಿಸಿದ್ದವನು. ತನ್ನ ವಿಶ್ವವಿದ್ಯಾಲಯದ ಪ್ರಾಧ್ಯಾಪಕನನ್ನು ವಿಚಾರಣೆಯಿಲ್ಲದೆ ರೋಮಿಗೆ ಒಪ್ಪಿಸಬಾರದೆಂಬುದು ಅವನ ನಿಲುವಾಗಿತ್ತು. 1519ರ ಚಕ್ರವರ್ತಿಯ ಚುನಾವಣೆಯಲ್ಲಿ ಅವನ ಮತ ಬೇಕಾಗಿದ್ದರಿಂದ ಪೋಪನೂ ಅದುವರೆಗೆ ಅವನೊಂದಿಗೆ ಮೃದುವಾಗಿ ವರ್ತಿಸಿದ್ದನು. ಆಮೇಲೆ ಚಾರ್ಲ್ಸ್ ಫ್ರಾನ್ಸಿನ ಯುದ್ಧದಲ್ಲೂ, 1529ರಲ್ಲಿ ವಿಯೆನ್ನಾವನ್ನು ಮುತ್ತಿದ ತುರ್ಕರನ್ನು ಎದುರಿಸುವುದರಲ್ಲೂ ಸಿಲುಕಿಕೊಂಡಿದ್ದರಿಂದ ವರ್ಮ್ಸ್ ಆಜ್ಞೆಯನ್ನು ಜಾರಿಗೆ ತರಲು ಅವನಿಗೆ ಬಿಡುವೇ ಸಿಗಲಿಲ್ಲ. ಹುಸ್‌ನಿಗೆ ದೊರೆಯದ ಆ ಕಾಲಾವಕಾಶದಲ್ಲಿ ಲೂಥರ್ ಕೋಟೆಯ ಕೋಣೆಯೊಂದರಲ್ಲಿ ಕುಳಿತು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದನು. ಅದು 1522ರ ಸೆಪ್ಟೆಂಬರಿನಲ್ಲಿ ವಿಟೆನ್‌ಬರ್ಗಿನಲ್ಲಿ ಅಚ್ಚಾಯಿತು.