ಪುಟ್ಟಿಯ ಅಕ್ಷರಾಭ್ಯಾಸಕ್ಕೆ ಶೃಂಗೇರಿ: ಐದು ದಿನದ ದಾರಿ, ಹೊತ್ತು, ಬದಲಿ ದಾರಿ

(ಫೆಬ್ರವರಿ 5 ಗುರುವಾರದಿಂದ 9 ಸೋಮವಾರದವರೆಗೆ, 2026. ಅಪ್ಪ, ಅಮ್ಮ, ಅತ್ತೆ, ಮಾವ, ನಾವಿಬ್ಬರು, ತಮ್ಮ, ಅವನ ಹೆಂಡತಿ, ಚಿನ್ನು, ಪುಟ್ಟಿ. ಒಟ್ಟು ಹತ್ತು ಜನ, ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್.)

ಎಲ್ಲರೂ ಒಂದು ಸಲ ಪೂರ್ತಿ ಓದಿ. ಆಮೇಲೆ ದಾರಿಯಲ್ಲಿ "ಮುಂದೆ ಎಲ್ಲಿಗೆ?" ಅಂತ ಹತ್ತು ಸಲ ಕೇಳುವುದು ತಪ್ಪುತ್ತದೆ.

ಈ ಪ್ರಯಾಣದಲ್ಲಿ ಕದಲಿಸಬಾರದ್ದು ಒಂದೇ: ಭಾನುವಾರ ಬೆಳಿಗ್ಗೆ ಶೃಂಗೇರಿಯಲ್ಲಿ ಪುಟ್ಟಿಯ ಅಕ್ಷರಾಭ್ಯಾಸ. ಅದಕ್ಕಾಗಿಯೇ ಶನಿವಾರ ಸಂಜೆಯೇ ಅಲ್ಲಿರಬೇಕು. ಉಳಿದದ್ದೆಲ್ಲ ಹೊತ್ತು, ಮೈಕೈ ನೋಡಿಕೊಂಡು. ಬಿಡಬೇಕಾಗಿ ಬಂದರೆ ಮೊದಲು ಬಿಡುವುದು ಕಾರ್ಕಳ, ಆಮೇಲೆ ಮಲ್ಪೆ, ಆಮೇಲೆ ಹೊರನಾಡು. ಇದನ್ನು ಈಗಲೇ ಬರೆದಿಡುತ್ತಿದ್ದೇನೆ, ಯಾಕೆಂದರೆ ರಸ್ತೆ ಬದಿಯಲ್ಲಿ ನಿಂತು ಹತ್ತು ಜನ ತೀರ್ಮಾನ ಮಾಡುವುದು ಆಗದ ಕೆಲಸ.

ಈ ವಾರವೇ ಯಾಕೆ ಅಂದರೆ, ಮುಂದಿನ ಭಾನುವಾರ 15ಕ್ಕೆ ಶಿವರಾತ್ರಿ. ಅದಕ್ಕೆ ಮುಂಚಿನ ದಿನಗಳಲ್ಲಿ ಧರ್ಮಸ್ಥಳಕ್ಕೆ ಪಾದಯಾತ್ರೆಯವರು ಘಾಟಿಯುದ್ದಕ್ಕೂ ನಡೆಯುತ್ತಿರುತ್ತಾರೆ. ರೂಮೂ ಸಿಗುವುದಿಲ್ಲ, ದರ್ಶನವೂ ನಿಧಾನ. ಮುಂದಿನ ವಾರ ಏಕಾದಶಿಯೂ ಬರುತ್ತದೆ. ಆ ದಿನ ಉಡುಪಿಯಲ್ಲಿ ಮಠದ ಊಟ ಇರುವುದಿಲ್ಲ, ಚಿನ್ನುವಿಗೆ ಅದೊಂದು ದೊಡ್ಡ ನಷ್ಟ.

ಗುರುವಾರ 5: ಬೆಂಗಳೂರು, ಕುಕ್ಕೆ, ಧರ್ಮಸ್ಥಳ

ಬೆಳಿಗ್ಗೆ 5ಕ್ಕೆ ಗಾಡಿ ಹೊರಡುತ್ತದೆ. ಐದು ಅಂದರೆ ಐದು, ಮಾವ. ನೆಲಮಂಗಲ ಆರರೊಳಗೆ ದಾಟಿದರೆ ಅರ್ಧ ಗೆದ್ದ ಹಾಗೆ. ಕುಕ್ಕೆಗೆ ಸುಮಾರು 280 ಕಿ.ಮೀ., ನಿಲ್ಲಿಸುವುದೂ ಸೇರಿ ಏಳು ಗಂಟೆ.

6:45ಕ್ಕೆ ಯಡಿಯೂರು, ಕಾಫಿ, ಬಾತ್‌ರೂಮ್, ಹದಿನೈದು ನಿಮಿಷ. 8ಕ್ಕೆ ಚನ್ನರಾಯಪಟ್ಟಣದಲ್ಲಿ ತಿಂಡಿ. ಅಪ್ಪನ ಇನ್ಸುಲಿನ್ ಎಂಟಕ್ಕೆ, ಹಾಗಾಗಿ ತಿಂಡಿಯ ಹೊತ್ತು ಮುಂದೆ ಹೋಗುವಂತಿಲ್ಲ. ಚುಚ್ಚಿಕೊಂಡ ಮೇಲೆ ಹೋಟೆಲ್ ಹುಡುಕುವುದು ಬೇಡ, ತಟ್ಟೆ ಮುಂದೆ ಬಂದ ಮೇಲೆಯೇ ಇನ್ಸುಲಿನ್. 10ಕ್ಕೆ ಸಕಲೇಶಪುರ. ಅಲ್ಲಿ ಎಲ್ಲರೂ ಇಳಿಯಬೇಕು, "ನನಗೆ ಬೇಡ" ಅನ್ನುವವರೂ. ಮುಂದೆ ಶಿರಾಡಿ ಘಾಟಿ, ಗುಂಡ್ಯದ ತನಕ ನಿಲ್ಲಿಸಲು ಒಳ್ಳೆಯ ಜಾಗ ಇಲ್ಲ. ವಾಂತಿ ಮಾತ್ರೆ ತೆಗೆದುಕೊಳ್ಳುವವರು ಸಕಲೇಶಪುರಕ್ಕೆ ಅರ್ಧ ಗಂಟೆ ಮುಂಚೆಯೇ ತೆಗೆದುಕೊಳ್ಳಿ, ಘಾಟಿ ಶುರುವಾದ ಮೇಲೆ ನುಂಗಿ ಏನೂ ಪ್ರಯೋಜನವಿಲ್ಲ.

ಗುಂಡ್ಯದಲ್ಲಿ ಎಡಕ್ಕೆ ತಿರುಗಿ, 12ರ ಹೊತ್ತಿಗೆ ಕುಕ್ಕೆ. ದೇವಸ್ಥಾನ ಮಧ್ಯಾಹ್ನ ಒಂದೂವರೆಗೆ ಮುಚ್ಚಿ ಮೂರೂವರೆಗೆ ತೆರೆಯುತ್ತದೆ. 12:30ರೊಳಗೆ ತಲುಪಿದರೆ ಮೊದಲು ದರ್ಶನ, ಆಮೇಲೆ ಊಟ. ತಡವಾದರೆ ಮೊದಲು ಊಟ, ಸ್ವಲ್ಪ ಒರಗಿಕೊಂಡು ಮೂರೂವರೆಗೆ ದರ್ಶನ. ಒಂದು ರೂಮು ಸಂಜೆಯವರೆಗೆ ಮಾತ್ರ ಹಿಡಿದಿದ್ದೇನೆ, ಅಮ್ಮನಿಗೆ ಮಂಡಿ ಚಾಚಿಕೊಳ್ಳಲು. ಕುಮಾರಧಾರೆಯಲ್ಲಿ ಕಾಲು ತೊಳೆದರೆ ಸಾಕು. ಆಶ್ಲೇಷಾ ಬಲಿ ಈ ಸಲ ಇಲ್ಲ ಅಮ್ಮ, ಅದಕ್ಕೆ ಬೇರೆಯಾಗಿಯೇ ಬರೋಣ.

4:30ಕ್ಕೆ ಹೊರಟರೆ 6:15ಕ್ಕೆ ಧರ್ಮಸ್ಥಳ, 55 ಕಿ.ಮೀ. ವಾಸ ಅಲ್ಲೇ. ರಾತ್ರಿ ಊಟ ಅನ್ನಪೂರ್ಣ ಛತ್ರದಲ್ಲಿ, ಬೇಗ ಮಲಗುವುದು.

*ಶಿರಾಡಿ ಕೈಕೊಟ್ಟರೆ:* ಫೆಬ್ರವರಿಯಲ್ಲಿ ಮಳೆ ಇಲ್ಲ, ಗುಡ್ಡ ಕುಸಿಯುವ ಭಯ ಇಲ್ಲ. ಆದರೆ ಒಂದು ಟ್ಯಾಂಕರ್ ಅಡ್ಡ ಬಿದ್ದರೂ ಮೂರು ಗಂಟೆ ಹೋಯಿತು. ಹಾಸನ ದಾಟುವ ಮುಂಚೆ ಡ್ರೈವರ್ ಆಚೆ ಕಡೆಯ ಗಾಡಿಯವರಿಗೆ ಫೋನ್ ಮಾಡಿ ಕೇಳುತ್ತಾರೆ. ಜಾಮ್ ಇದ್ದರೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ನೇರ ಧರ್ಮಸ್ಥಳ. ಆಗ ದರ್ಶನ ಗುರುವಾರ ಸಂಜೆಯೇ ಮುಗಿಸಿ, ಕುಕ್ಕೆಗೆ ಶುಕ್ರವಾರ ಬೆಳಿಗ್ಗೆ ಹೋಗಿ ಬರುವುದು. ಬಿಸಿಲೆ ಘಾಟಿ ಹತ್ತಿರ ಅಂತ ಯಾರಾದರೂ ಹೇಳುತ್ತಾರೆ. ಕಾಡು ಚೆಂದ, ನಿಜ. ಈ ಗಾಡಿಗೆ, ಅಮ್ಮನ ಸೊಂಟಕ್ಕೆ ಬೇಡ.

ಶುಕ್ರವಾರ 6: ಧರ್ಮಸ್ಥಳ, ಉಡುಪಿ

ಬೆಳಿಗ್ಗೆ 6ಕ್ಕೆ ಸಾಲಿಗೆ ನಿಲ್ಲುವುದು. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಪಂಚೆ ಶಲ್ಯ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಮಡಚುವ ಸ್ಟೂಲ್ ತಮ್ಮನ ಕೈಯಲ್ಲಿ. ಅಮ್ಮ ಸಾಲಿನಲ್ಲಿ ಕೂತೇ ಮುಂದೆ ಸಾಗಲಿ, ನಾಚಿಕೆ ಏನೂ ಬೇಡ. ಅಪ್ಪನ ಜೇಬಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕೆಟ್, ಒಂದು ಸಕ್ಕರೆ ಪೊಟ್ಟಣ.

10ಕ್ಕೆ ಹೊರಡೋಣ. ಉಜಿರೆ, ಗುರುವಾಯನಕೆರೆ, ಬಜಗೋಳಿ, ಕಾರ್ಕಳ, ಉಡುಪಿ. ಸುಮಾರು 100 ಕಿ.ಮೀ., ಮೂರು ಗಂಟೆ. ಕಾರ್ಕಳದಲ್ಲಿ ಎಳನೀರು. ಹೊತ್ತಿದ್ದರೆ ಮಕ್ಕಳನ್ನು ಬಾಹುಬಲಿ ಬೆಟ್ಟಕ್ಕೆ ಕರೆದುಕೊಂಡು ಹೋಗಬಹುದು, 1432ರಲ್ಲಿ ನಿಲ್ಲಿಸಿದ ಮೂರ್ತಿ, 42 ಅಡಿ. ಬಿಸಿಲಿಗೆ ಬಂಡೆ ಕಾದಿರುತ್ತದೆ, ಸಾಕ್ಸ್ ಇಲ್ಲದೆ ಹತ್ತಬೇಡಿ.

1ಕ್ಕೆ ಉಡುಪಿ. ರಥಬೀದಿಯೊಳಗೆ ಗಾಡಿ ಹೋಗುವುದಿಲ್ಲ, ಪಾರ್ಕಿಂಗ್‌ನಿಂದ ನಡೆಯಬೇಕು. ಅಪ್ಪ ಅಮ್ಮನಿಗೆ ಆಟೋ. ಮಠದ ಊಟ ಎರಡರೊಳಗೆ ಸಿಕ್ಕರೆ ಪುಣ್ಯ, ಇಲ್ಲವಾದರೆ ಹೋಟೆಲ್ ಊಟಕ್ಕೆ ಉಡುಪಿಯಲ್ಲಿ ಬರವೇ? ಆಮೇಲೆ ರೂಮಿಗೆ ಹೋಗಿ ನಾಲ್ಕೂವರೆಯವರೆಗೆ ನಿದ್ದೆ. ಇದು ಪಟ್ಟಿಯಲ್ಲಿ ಇರುವ ನಿದ್ದೆ, ಹೊತ್ತು ಉಳಿದರೆ ಮಾಡುವ ನಿದ್ದೆ ಅಲ್ಲ.

5ಕ್ಕೆ ಮಕ್ಕಳ ಗುಂಪು ಮಲ್ಪೆ ಸಮುದ್ರಕ್ಕೆ. ಎರಡು ದೇವಸ್ಥಾನ ಸುಮ್ನೆ ನೋಡಿದ್ದಕ್ಕೆ ಅವರಿಗೂ ಏನಾದರೂ ಕೊಡಬೇಕಲ್ವಾ. ದೊಡ್ಡವರು ಆ ಹೊತ್ತಿನಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರ ನೋಡಿಕೊಂಡು ಬನ್ನಿ, ಉಡುಪಿಯಲ್ಲಿ ಕೃಷ್ಣನಿಗಿಂತ ಮೊದಲು ಅವರನ್ನು ನೋಡುವುದೇ ಪದ್ಧತಿ. 7ಕ್ಕೆ ಎಲ್ಲರೂ ಒಟ್ಟಿಗೆ ಕೃಷ್ಣ ದರ್ಶನ, ನವಗ್ರಹ ಕಿಂಡಿಯಿಂದ. ಕಳೆದ ತಿಂಗಳು 18ಕ್ಕೆ ಪರ್ಯಾಯ ಆಗಿದೆ. ಆ ಜನಜಂಗುಳಿ ಈಗ ಇರುವುದಿಲ್ಲ.

*ಮೈ ಹುಷಾರು ತಪ್ಪಿದರೆ:* ಮಣಿಪಾಲದ ಆಸ್ಪತ್ರೆ ಇಲ್ಲಿಂದ ಹತ್ತಿರ. ಇಡೀ ದಾರಿಯಲ್ಲಿ ದೊಡ್ಡ ಆಸ್ಪತ್ರೆ ಕೈಗೆ ಸಿಗುವುದು ಇಲ್ಲೇ. ಅಪ್ಪನ ಸಕ್ಕರೆಯಲ್ಲಿ ಸಣ್ಣ ಏರುಪೇರು ಕಂಡರೂ ಇಲ್ಲೇ ತೋರಿಸಿಕೊಂಡು ಘಾಟಿ ಹತ್ತುವುದು, "ಮನೆಗೆ ಹೋಗಿ ನೋಡೋಣ" ಅನ್ನಬಾರದು.

ಶನಿವಾರ 7: ಉಡುಪಿ, ಶೃಂಗೇರಿ (ಅತ್ತೆಗೆ ಕೊಲ್ಲೂರು)

ಅತ್ತೆ, ಕೊಲ್ಲೂರು ಬಿಟ್ಟಿದ್ದಕ್ಕೆ ನಿಮಗೆ ಬೇಜಾರು ಅಂತ ಗೊತ್ತು. ಎಲ್ಲರನ್ನೂ ಕರೆದುಕೊಂಡು ಹೋದರೆ ಆ ದಿನ ಆರೇಳು ಗಂಟೆ ಗಾಡಿಯಲ್ಲೇ, ಶೃಂಗೇರಿ ತಲುಪುವಾಗ ಕತ್ತಲು. ಅದಕ್ಕೆ ಹೀಗೆ ಮಾಡಿದ್ದೇನೆ: ನಿಮಗೆ, ಮಾವನಿಗೆ, ನಿಮ್ಮ ಮಗಳಿಗೆ ಬೇರೆ ಕಾರು. ಬೆಳಿಗ್ಗೆ 5ಕ್ಕೆ ಹೊರಟರೆ 7ಕ್ಕೆ ಕೊಲ್ಲೂರು, ಕುಂದಾಪುರ, ಹೆಮ್ಮಾಡಿ ಮೇಲೆ ಸುಮಾರು 75 ಕಿ.ಮೀ. ಬೆಳಗಿನ ದರ್ಶನ, ಸೌಪರ್ಣಿಕೆ, ತಿಂಡಿ. 9:30ಕ್ಕೆ ಅಲ್ಲಿಂದ ಹೊರಡಲೇಬೇಕು. 11:30ಕ್ಕೆ ಉಡುಪಿ. ಸಾಲು ಜಾಸ್ತಿ ಇದ್ದು ತಡವಾದರೆ ಉಡುಪಿಗೆ ಬರಬೇಡಿ, ಬ್ರಹ್ಮಾವರದಲ್ಲಿ ಒಳಗೆ ತಿರುಗಿ ನೇರ ಹೆಬ್ರಿಗೆ ಬನ್ನಿ. ನಾವು ಅಲ್ಲಿ ಸಿಗುತ್ತೇವೆ.

ಉಳಿದವರು ಎಂಟರವರೆಗೆ ಮಲಗಿ. ನಾನಂತೂ ಮಲಗುತ್ತೇನೆ.

12ಕ್ಕೆ ಊಟ, 1ಕ್ಕೆ ಹೊರಡುವುದು. ಹೆಬ್ರಿ 2ಕ್ಕೆ, ಹತ್ತು ನಿಮಿಷ ಬಾತ್‌ರೂಮ್. ಸೋಮೇಶ್ವರ ದಾಟಿದರೆ ಆಗುಂಬೆ ಘಾಟಿ, ಹದಿನಾಲ್ಕು ಹೇರ್‌ಪಿನ್ ತಿರುವು. ಚಿನ್ನು ಮುಂದಿನ ಸೀಟಿನಲ್ಲಿ, ಕಿಟಕಿ ತೆರೆದು. ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಕವರ್. ಮೇಲೆ ಬಂದ ಮೇಲೆ ಆಗುಂಬೆಯಲ್ಲಿ ಚಹಾ. ಸೂರ್ಯಾಸ್ತ ನೋಡಲು ಕಾಯುವುದಿಲ್ಲ, ಮೊದಲೇ ಹೇಳಿದ್ದೇನೆ. 4:30ಕ್ಕೆ ಶೃಂಗೇರಿ. ಒಟ್ಟು ಸುಮಾರು 85 ಕಿ.ಮೀ.

*ಆಗುಂಬೆ ಮುಚ್ಚಿದ್ದರೆ:* ಕಾರ್ಕಳ, ಬಜಗೋಳಿ, ಮಾಳ, ಕೆರೆಕಟ್ಟೆ ಮೇಲೆ ಶೃಂಗೇರಿ. ಕುದುರೆಮುಖದ ಕಾಡಿನೊಳಗಿನ ದಾರಿ, ನಡುವೆ ನಿಲ್ಲಿಸುವಂತಿಲ್ಲ, ಫೋನ್ ಸಿಗ್ನಲ್ಲೂ ಇಲ್ಲ. ಆ ದಾರಿ ಹಿಡಿಯಬೇಕಾದರೆ ಉಡುಪಿಯಿಂದ 12ಕ್ಕೇ ಹೊರಡಬೇಕು, ಅತ್ತೆಯವರ ಕಾರು ಕಾರ್ಕಳಕ್ಕೆ ಬರಬೇಕು. ಬೆಳಿಗ್ಗೆ 9ಕ್ಕೆ ವಿಚಾರಿಸಿ ನಾನೇ ಅತ್ತೆಗೆ ಫೋನ್ ಮಾಡುತ್ತೇನೆ. ಯಾವ ಘಾಟಿಯನ್ನೂ ಕತ್ತಲಾದ ಮೇಲೆ ಹತ್ತುವುದಿಲ್ಲ. ಐದು ಗಂಟೆಯಾದರೂ ಕೆಳಗೇ ಇದ್ದರೆ ಹೆಬ್ರಿ ಅಥವಾ ಕಾರ್ಕಳದಲ್ಲಿ ಮಲಗಿ, ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಡುವುದು. ಆಗಲೂ ಅಕ್ಷರಾಭ್ಯಾಸಕ್ಕೆ ಸಿಗುತ್ತೇವೆ.

ಸಂಜೆ ತುಂಗೆಯ ಮೆಟ್ಟಿಲಲ್ಲಿ ಮೀನುಗಳಿಗೆ ಪುರಿ ಹಾಕುವುದು ಮಕ್ಕಳ ಕೆಲಸ. ಪುಟ್ಟಿಯ ಕೈ ಯಾರಾದರೂ ಹಿಡಿದಿರಬೇಕು. ಎಲ್ಲರೂ ಹಿಡಿದಿದ್ದಾರೆ ಅಂದುಕೊಂಡು ಯಾರೂ ಹಿಡಿಯದೆ ಹೋಗುವುದು ನಮ್ಮ ಮನೆಯ ಕ್ರಮ, ಆದ್ದರಿಂದ ಹೆಸರು ಹಾಕುತ್ತೇನೆ: ಚಿಕ್ಕಪ್ಪ, ಅಂದರೆ ನನ್ನ ತಮ್ಮ.

ಭಾನುವಾರ 8: ಅಕ್ಷರಾಭ್ಯಾಸ, ಆಮೇಲೆ ಹೊರನಾಡು

7ಕ್ಕೆ ಸ್ನಾನ, ತಿಂಡಿ ಮುಗಿದಿರಬೇಕು. ಚೀಟಿ ಕೌಂಟರ್‌ನಲ್ಲಿ ನಾನು ನಿಲ್ಲುತ್ತೇನೆ. ಹೊಸ ಸ್ಲೇಟು, ಬಳಪ, ಅಕ್ಕಿ, ಹಣ್ಣು, ಹೂವು ಅಮ್ಮನ ಕೆಂಪು ಚೀಲದಲ್ಲಿ, ಆ ಚೀಲ ಗಾಡಿಯ ಮೇಲೆ ಕಟ್ಟುವುದಿಲ್ಲ. ಪುಟ್ಟಿಗೆ ಹಸಿವಾದರೆ ಅಕ್ಷರ ಬರೆಯುವುದಿಲ್ಲ, ಅಳುತ್ತಾಳೆ. ಹೊಟ್ಟೆ ತುಂಬಿಸಿಯೇ ಕರೆತನ್ನಿ. ರೇಷ್ಮೆ ಲಂಗ ಒಂದು ಗಂಟೆ ಸಾಕು, ಬದಲಿಸಲು ಹತ್ತಿ ಫ್ರಾಕ್ ಇಟ್ಟುಕೊಳ್ಳಿ.

ಶಾರದಾಂಬೆಯ ಮುಂದೆ ಆದ ಮೇಲೆ ಪಕ್ಕದ ವಿದ್ಯಾಶಂಕರ ದೇವಸ್ಥಾನ, ಹನ್ನೆರಡು ರಾಶಿಯ ಕಂಬಗಳು. ಅವರವರ ರಾಶಿ ಹುಡುಕಿಕೊಳ್ಳಿ. ಸೇತುವೆ ದಾಟಿ ನರಸಿಂಹವನಕ್ಕೆ ಹೋಗುವವರು ಹತ್ತೂವರೆಯೊಳಗೆ, ಬಿಸಿಲೇರುವ ಮುಂಚೆ. ಊಟ ಮಠದಲ್ಲಿ.

1:30ಕ್ಕೆ ಒಂದು ತೀರ್ಮಾನ. ಅಮ್ಮನ ಮಂಡಿ ಊದಿದ್ದರೆ ಹೊರನಾಡು ಬಿಟ್ಟು ಶೃಂಗೇರಿಯಲ್ಲೇ ಇನ್ನೊಂದು ರಾತ್ರಿ. ರೂಮು ಎರಡು ದಿನಕ್ಕೆ ಕೇಳಿಟ್ಟಿದ್ದೇನೆ. ಅಮ್ಮ "ನನಗೇನಾಗಿದೆ, ಹೋಗೋಣ" ಅಂತಲೇ ಹೇಳುತ್ತಾರೆ, ಆದ್ದರಿಂದ ಅಮ್ಮನನ್ನು ಕೇಳುವುದಿಲ್ಲ, ಮಂಡಿ ನೋಡುತ್ತೇವೆ.

ಹೋಗುವುದಾದರೆ 2ಕ್ಕೆ ಹೊರಟು ಬಾಳೆಹೊನ್ನೂರು, ಮಾಗುಂಡಿ, ಕಳಸ, ಹೊರನಾಡು. 75 ಕಿ.ಮೀ. ಅಷ್ಟೇ, ಆದರೂ ತಿರುವುಗಳಿಂದ ಎರಡೂವರೆ ಗಂಟೆ. ಬಾಳೆಹೊನ್ನೂರಿನಲ್ಲಿ ಚಹಾ. ಸಂಜೆ ಅನ್ನಪೂರ್ಣೇಶ್ವರಿ ದರ್ಶನ, ರಾತ್ರಿ ಪ್ರಸಾದದ ಊಟ. ಅಲ್ಲಿ ರೂಮು ಸಿಗದಿದ್ದರೆ 8 ಕಿ.ಮೀ. ಹಿಂದೆ ಕಳಸದಲ್ಲಿ.

ಸೋಮವಾರ 9: ಮನೆಗೆ

7ಕ್ಕೆ ಹೊರಟು 9ಕ್ಕೆ ಕೊಟ್ಟಿಗೆಹಾರ, ನೀರುದೋಸೆ. ಅಪ್ಪನ ಇನ್ಸುಲಿನ್‌ಗೆ ಇದು ತಡ, ಅದಕ್ಕೆ ಎಂಟಕ್ಕೆ ಗಾಡಿ ನಿಲ್ಲಿಸಿ ಇನ್ಸುಲಿನ್, ಕಟ್ಟಿಸಿಕೊಂಡ ಇಡ್ಲಿ. ಆಮೇಲೆ ನೀರುದೋಸೆ ಕಂಡರೂ ಒಂದೇ, ಅಪ್ಪ. ಮೂಡಿಗೆರೆ, ಬೇಲೂರು, ಹಾಸನ ದಾಟಿ 1ಕ್ಕೆ ಚನ್ನರಾಯಪಟ್ಟಣದಲ್ಲಿ ಊಟ. ಬೇಲೂರಿನಲ್ಲಿ ಇಳಿಯುವುದಿಲ್ಲ, ಇಳಿದರೆ ಎರಡು ಗಂಟೆ ಹೋಯಿತು. ಐದರ ಹೊತ್ತಿಗೆ ಮನೆ. ಶೃಂಗೇರಿಯಿಂದಲೇ ವಾಪಸ್ ಆದರೆ ಬಾಳೆಹೊನ್ನೂರು, ಚಿಕ್ಕಮಗಳೂರು ಮೇಲೆ ಬರುವುದು, ಹೊತ್ತು ಹೆಚ್ಚುಕಡಿಮೆ ಅಷ್ಟೇ.

ಕೊನೆಗೆ ಚೀಲದ ಮಾತು. ಇನ್ಸುಲಿನ್ ಐಸ್ ಫ್ಲಾಸ್ಕ್‌ನಲ್ಲಿ, ನನ್ನ ಹತ್ತಿರ. ಮಾತ್ರೆಗಳು ಏಳು ದಿನಕ್ಕೆ, ಐದಕ್ಕಲ್ಲ. ಎಲ್ಲರ ಆಧಾರ್ ಕಾರ್ಡ್ ರೂಮಿಗೆ ಬೇಕು. ಘಾಟಿಯಲ್ಲಿ ಫೋನ್‌ಪೇ ನಂಬಬೇಡಿ, ಪ್ರತಿ ಜೋಡಿಯ ಹತ್ತಿರ ಮೂರು ಸಾವಿರ ಚಿಲ್ಲರೆ ನೋಟು ಇರಲಿ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112. ಗಾಡಿಗೆ ದೊಡ್ಡ ಸೂಟ್‌ಕೇಸ್ ಹಿಡಿಸುವುದಿಲ್ಲ, ಒಬ್ಬರಿಗೆ ಒಂದು ಚೀಲ. ಮಾವ, ಉಪ್ಪಿನಕಾಯಿ ಜಾಡಿಯೂ ಲೆಕ್ಕಕ್ಕೆ ಬರುತ್ತದೆ.

ಬದಲಾವಣೆ ಏನಾದರೂ ಬೇಕಿದ್ದರೆ ಈ ಭಾನುವಾರದೊಳಗೆ ಹೇಳಿ. ಸೋಮವಾರ ರೂಮುಗಳಿಗೆ ದುಡ್ಡು ಕಟ್ಟುತ್ತೇನೆ.