ಅಭ್ಯಾಸ ಹಾಳೆ: ವಿದ್ಯುತ್ ಪ್ರವಾಹ, ವಿಭವಾಂತರ ಮತ್ತು ರೋಧದ ಲೆಕ್ಕಗಳು

ಹತ್ತನೇ ತರಗತಿ, ವಿಜ್ಞಾನ (ಭೌತವಿಜ್ಞಾನ ಭಾಗ)
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ
ಅವಧಿ: 80 ನಿಮಿಷ. ಅಂಕಗಳು: 20

ವಿದ್ಯಾರ್ಥಿಗಳೇ, ಭತ್ತದ ಗದ್ದೆಗಳ ಪಂಪುಗಳೆಲ್ಲ ಒಮ್ಮೆಲೇ ಓಡುವ ಹೊತ್ತಿನಲ್ಲಿ ಮನೆಯ ಬಲ್ಬು ಮಂಕಾದರೆ ನಮ್ಮೂರುಗಳಲ್ಲಿ "ಇವತ್ತು ಕರೆಂಟ್ ಕಡಿಮಿ ಅದ" ಎನ್ನುತ್ತಾರೆ. ಆಗ ಮೊದಲು ಕಡಿಮೆಯಾದದ್ದು ಮನೆಗೆ ಬರುವ ವಿಭವಾಂತರ, ಅಂದರೆ ವೋಲ್ಟೇಜು. ಅದು ಕಡಿಮೆಯಾದ ಕಾರಣ ಬಲ್ಬಿನ ತಂತುವಿನಲ್ಲಿ ಹರಿಯುವ ಪ್ರವಾಹವೂ ಕಡಿಮೆಯಾಯಿತು. ಮಾತಿನಲ್ಲಿ ಇವೆರಡೂ ಒಂದೇ ಆಗಿ ನಡೆಯುತ್ತವೆ, ಆದರೆ ಲೆಕ್ಕದಲ್ಲಿ ನಡೆಯುವುದಿಲ್ಲ. ವಿಭವಾಂತರವನ್ನು (V) ವೋಲ್ಟ್‌ನಲ್ಲಿ, ಪ್ರವಾಹವನ್ನು (I) ಆಂಪೇರ್‌ನಲ್ಲಿ, ರೋಧವನ್ನು (R) ಓಮ್‌ನಲ್ಲಿ ಬರೆಯಬೇಕು.

ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ತಾಪವು ಸ್ಥಿರವಾಗಿದ್ದರೆ ಲೋಹದ ವಾಹಕದ ತುದಿಗಳ ನಡುವಿನ ವಿಭವಾಂತರವು ಅದರಲ್ಲಿ ಹರಿಯುವ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ:

V = I × R

ಪ್ರವಾಹ ಬೇಕಾದಾಗ ಸಮೀಕರಣದ ಎರಡೂ ಬದಿಗಳನ್ನು R ನಿಂದ ಭಾಗಿಸಿ: I = V / R. ರೋಧ ಬೇಕಾದಾಗ ಎರಡೂ ಬದಿಗಳನ್ನು I ಯಿಂದ ಭಾಗಿಸಿ: R = V / I. ತ್ರಿಕೋನ ಬರೆದು ಒಂದು ಅಕ್ಷರವನ್ನು ಬೆರಳಿನಿಂದ ಮುಚ್ಚುವ ಉಪಾಯ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಈ ಹಾಳೆಯಲ್ಲಿ ಅದನ್ನು ಬಳಸಬೇಡಿ. ನಾಲ್ಕು ಅಕ್ಷರಗಳ ಸೂತ್ರ ಬಂದ ದಿನ ತ್ರಿಕೋನ ನೆರವಿಗೆ ಬರುವುದಿಲ್ಲ, ಎರಡೂ ಬದಿಗಳನ್ನು ಭಾಗಿಸುವ ಅಭ್ಯಾಸ ಬರುತ್ತದೆ.

ಏಕಮಾನದ ಪರೀಕ್ಷೆಗೆ ಒಂದೇ ಸಂಗತಿ ನೆನಪಿರಲಿ: 1 Ω = 1 V / 1 A. ಆದ್ದರಿಂದ A × Ω ಎಂದರೆ A × (V / A), ಅಂದರೆ V. V / Ω ಎಂದರೆ A.

ಬಿಡಿಸಿದ ಲೆಕ್ಕ 1
ಬಟ್ಟೆ ಹೊಲಿಯುವ ಅಂಗಡಿಯೊಂದರ ಇಸ್ತ್ರಿ ಪೆಟ್ಟಿಗೆಯ ಸುರುಳಿಯ ರೋಧ 46 Ω. ಅದನ್ನು 230 V ಗೆ ಜೋಡಿಸಿದಾಗ ಹರಿಯುವ ಪ್ರವಾಹವೆಷ್ಟು?

I = V / R = 230 V / 46 Ω = 5 A
ಏಕಮಾನ: V / Ω = A. ಕೇಳಿರುವುದು ಪ್ರವಾಹ, ಬಂದಿರುವುದು ಆಂಪೇರ್, ಸರಿಯಿದೆ.

ಬಿಡಿಸಿದ ಲೆಕ್ಕ 2
6 V ಬ್ಯಾಟರಿಗೆ 1.2 kΩ ರೋಧಕವನ್ನು ಜೋಡಿಸಿದೆ. ಪ್ರವಾಹವೆಷ್ಟು?

ಇಲ್ಲಿ ಆತುರಪಟ್ಟು 6 / 1.2 = 5 A ಎಂದು ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಮೇಲಿನ ಇಸ್ತ್ರಿ ಪೆಟ್ಟಿಗೆಯಷ್ಟೇ ಪ್ರವಾಹವನ್ನು ಬೆರಳುದ್ದದ ಸೆಲ್ಲುಗಳು ಇಷ್ಟು ದೊಡ್ಡ ರೋಧದ ಮೂಲಕ ಕಳಿಸುತ್ತವೆಯೇ ಎಂದು ಒಂದು ಕ್ಷಣ ಯೋಚಿಸಿದ್ದರೂ ತಪ್ಪು ಕಾಣುತ್ತಿತ್ತು. ಮೊದಲು ಏಕಮಾನವನ್ನು ಬದಲಿಸಿ, ಆಮೇಲೆ ಭಾಗಿಸಿ.

R = 1.2 kΩ = 1200 Ω
I = V / R = 6 V / 1200 Ω = 0.005 A = 5 mA

ಬಿಡಿಸಿದ ಲೆಕ್ಕ 3
ಟಿ.ಸಿ.ಯ ಬಳಿಯ ಕಂಬದಿಂದ 250 m ದೂರದ ತೋಟದ ಮನೆಗೆ 2.5 mm² ಅಡ್ಡಕೊಯ್ತದ ತಾಮ್ರದ ತಂತಿಯನ್ನು ಎಳೆದಿದ್ದಾರೆ. ಕಂಬದಲ್ಲಿ 230 V ಇದೆ. ಮನೆಯಲ್ಲಿ 42.6 Ω ರೋಧದ ನೀರು ಕಾಯಿಸುವ ಸುರುಳಿಯೊಂದೇ ಚಾಲನೆಯಲ್ಲಿದ್ದರೆ, ಅದಕ್ಕೆ ಸಿಗುವ ವಿಭವಾಂತರವೆಷ್ಟು? ತಾಮ್ರದ ರೋಧಶೀಲತೆ 1.7 × 10⁻⁸ Ω m ಎಂದು ತೆಗೆದುಕೊಳ್ಳಿ.

ಈ ಲೆಕ್ಕವನ್ನು ನಿಧಾನವಾಗಿ ಓದಿ. ನಮ್ಮ ಹೊಲಗಳಲ್ಲಿ ದಿನವೂ ನಡೆಯುವುದು ಇದೇ. ಪ್ರವಾಹವು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದರಿಂದ ತಂತಿಯ ಒಟ್ಟು ಉದ್ದ 250 m ಅಲ್ಲ, 500 m. ಅಡ್ಡಕೊಯ್ತದ ವಿಸ್ತೀರ್ಣವನ್ನು ಚದರ ಮೀಟರಿಗೆ ಬದಲಿಸಿದರೆ 2.5 × 10⁻⁶ m² ಆಗುತ್ತದೆ. ಕೆಳಗಿನ ಸೂತ್ರದಲ್ಲಿ A ಎಂಬುದು ವಿಸ್ತೀರ್ಣ, ಆಂಪೇರ್ ಅಲ್ಲ.

R = ρ × l / A = (1.7 × 10⁻⁸ × 500) / (2.5 × 10⁻⁶) = 3.4 Ω
ಏಕಮಾನ: (Ω m × m) / m² = Ω

ತಂತಿ ಮತ್ತು ಸುರುಳಿ ಸರಣಿಯಲ್ಲಿವೆ. ಆದ್ದರಿಂದ ಒಟ್ಟು ರೋಧ 3.4 + 42.6 = 46 Ω.

I = 230 V / 46 Ω = 5 A
ತಂತಿಯಲ್ಲಿ ಇಳಿಯುವ ವಿಭವಾಂತರ = 5 A × 3.4 Ω = 17 V
ಸುರುಳಿಗೆ ಸಿಗುವ ವಿಭವಾಂತರ = 5 A × 42.6 Ω = 213 V
ಪರೀಕ್ಷೆ: 17 V + 213 V = 230 V

ಪಂಪಿನ ಬದಲು ಕಾಯಿಸುವ ಸುರುಳಿಯನ್ನು ತೆಗೆದುಕೊಂಡದ್ದು ಬೇಕೆಂದೇ. ಮೋಟಾರು ತಿರುಗುವಾಗ ತನ್ನೊಳಗೆ ಎದುರು ವಿಭವವನ್ನು ಉಂಟುಮಾಡುವುದರಿಂದ, ಅದರ ಸುರುಳಿಯ ರೋಧದಿಂದ ನೇರವಾಗಿ ಭಾಗಿಸಿದರೆ ಪ್ರವಾಹದ ಸರಿಯಾದ ಬೆಲೆ ಬರುವುದಿಲ್ಲ.

ನೀವು ಬಿಡಿಸಬೇಕಾದ ಲೆಕ್ಕಗಳು
ಪ್ರತಿ ಲೆಕ್ಕದಲ್ಲೂ ಕೊಟ್ಟಿರುವುದನ್ನು ಏಕಮಾನದೊಂದಿಗೆ ಬರೆದು, ಸೂತ್ರವನ್ನು ಮರುಜೋಡಿಸಿದ ಸಾಲನ್ನು ತೋರಿಸಿ, ಆಮೇಲೆ ಬೆಲೆಗಳನ್ನು ಹಾಕಿ. ಏಕಮಾನವಿಲ್ಲದ ಉತ್ತರಕ್ಕೆ ಅರ್ಧ ಅಂಕ ಕಡಿತವಾಗುತ್ತದೆ.

1. 220 V ಗೆ ಜೋಡಿಸಿದ ವಿದ್ಯುತ್ ಒಲೆಯು 4 A ಪ್ರವಾಹವನ್ನು ಎಳೆಯುತ್ತದೆ. ಅದರ ಸುರುಳಿಯ ರೋಧವೆಷ್ಟು? (2)

2. 18 Ω ರೋಧಕದಲ್ಲಿ 0.25 A ಪ್ರವಾಹ ಹರಿಯಲು ಎಷ್ಟು ವಿಭವಾಂತರ ಬೇಕು? ಅದಕ್ಕೆ 1.5 V ನ ಎಷ್ಟು ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಬೇಕು? (3)

3. 9 V ಬ್ಯಾಟರಿಗೆ 4.5 kΩ ರೋಧಕವನ್ನು ಜೋಡಿಸಿದಾಗ ಹರಿಯುವ ಪ್ರವಾಹವನ್ನು ಮಿಲಿಆಂಪೇರ್‌ನಲ್ಲಿ ಬರೆಯಿರಿ. (2)

4. ಮೊಬೈಲಿಗೆ ಅರ್ಧ ಗಂಟೆ ಕಾಲ 2 A ಸ್ಥಿರ ಪ್ರವಾಹ ಹರಿಯಿತು. I = Q / t ಎಂಬುದನ್ನು Q ಗಾಗಿ ಮರುಜೋಡಿಸಿ, ಹರಿದ ವಿದ್ಯುದಾವೇಶವನ್ನು ಕಂಡುಹಿಡಿಯಿರಿ. ಕೂಲಮ್ ಎಂದರೆ ಆಂಪೇರ್ × ಸೆಕೆಂಡ್, ನಿಮಿಷವಲ್ಲ. (3)

5. ಒಬ್ಬ ವಿದ್ಯಾರ್ಥಿನಿ ಮೊದಲ ಬಿಡಿಸಿದ ಲೆಕ್ಕವನ್ನು "I = R / V = 46 / 230 = 0.2 A" ಎಂದು ಬರೆದಿದ್ದಾಳೆ. ಸರಿಯುತ್ತರವನ್ನು ನೋಡದೆ, ಕೇವಲ ಏಕಮಾನಗಳಿಂದ ಇದು ತಪ್ಪೆಂದು ತೋರಿಸಿ. (3)

6. ಪ್ರಯೋಗಾಲಯದಲ್ಲಿ ಟಾರ್ಚಿನ ತಂತು ಬಲ್ಬೊಂದರ ಅಳತೆಗಳು ಹೀಗಿದ್ದವು: 1.5 V ಗೆ 0.15 A, 3.0 V ಗೆ 0.24 A, 4.5 V ಗೆ 0.30 A. ಪ್ರತಿ ಅಳತೆಗೂ R ಕಂಡುಹಿಡಿಯಿರಿ. ಅದು ಒಂದೇ ಆಗಿ ಉಳಿಯದಿರಲು ಕಾರಣವನ್ನು ಓಮ್‌ನ ನಿಯಮದ ಷರತ್ತಿನಿಂದ ವಿವರಿಸಿ. (4)

7. ಬಿಡಿಸಿದ ಲೆಕ್ಕ 3ರಲ್ಲಿ 4 mm² ತಂತಿಯನ್ನು ಬಳಸಿದ್ದರೆ ಸುರುಳಿಗೆ ಎಷ್ಟು ವಿಭವಾಂತರ ಸಿಗುತ್ತಿತ್ತು? (3)

ಎಚ್ಚರಿಕೆ: ಶಾಲೆಯಲ್ಲಿ ನಾವು ಸೆಲ್ಲುಗಳಿಂದ ಮಾತ್ರ ಅಳತೆ ಮಾಡುತ್ತೇವೆ. ಮನೆಯ ಪ್ಲಗ್ಗಿನಲ್ಲಾಗಲಿ, ಹೊಲದ ಸ್ಟಾರ್ಟರ್ ಪೆಟ್ಟಿಗೆಯಲ್ಲಾಗಲಿ ಯಾವ ಕಾರಣಕ್ಕೂ ತಂತಿ ಹಾಕಿ ನೋಡಬಾರದು. ಮೇಲಿನ 230 V ಲೆಕ್ಕಗಳು ಕಾಗದದ ಮೇಲಷ್ಟೇ ಇರಲಿ.

ಉತ್ತರಗಳು (ಬಿಡಿಸಿದ ನಂತರ ಹೋಲಿಸಿ)

1. R = V / I = 55 Ω.
2. V = I × R = 4.5 V, ಮೂರು ಸೆಲ್ಲುಗಳು.
3. 9 V / 4500 Ω = 0.002 A = 2 mA.
4. Q = I × t = 2 A × 1800 s = 3600 C. ನಿಮಗೆ 60 ಬಂದಿದ್ದರೆ, ನಿಮಿಷವನ್ನು ಸೆಕೆಂಡಿಗೆ ಬದಲಿಸಿಲ್ಲ.
5. Ω / V = (V / A) / V = 1 / A. ಇದು ಆಂಪೇರ್ ಅಲ್ಲ, ಅದರ ವ್ಯುತ್ಕ್ರಮ. ಆದ್ದರಿಂದ ಭಾಗಾಕಾರ ತಲೆಕೆಳಗಾಗಿದೆ.
6. 10 Ω, 12.5 Ω, 15 Ω. ಪ್ರವಾಹ ಹೆಚ್ಚಿದಂತೆ ತಂತು ಹೆಚ್ಚು ಕಾಯುತ್ತದೆ. ಕಾದ ಲೋಹದ ರೋಧ ಹೆಚ್ಚುತ್ತದೆ. ತಾಪ ಸ್ಥಿರವಾಗಿರಬೇಕೆಂಬ ಷರತ್ತು ಇಲ್ಲಿ ಪೂರೈಸಿಲ್ಲ.
7. ತಂತಿಯ ರೋಧ 2.125 Ω, ಒಟ್ಟು ರೋಧ 44.725 Ω, ಪ್ರವಾಹ ಸುಮಾರು 5.14 A, ಸುರುಳಿಗೆ ಸಿಗುವುದು ಸುಮಾರು 219 V. ತಂತಿ ದಪ್ಪವಾದದ್ದಕ್ಕೆ ಸುರುಳಿಗೆ ಹೆಚ್ಚಾಗಿ ಸಿಕ್ಕಿದ್ದು 6 V.